ಹಾರ್ಡ್ ಡಿಸ್ಕಿನ ತೋಳು ಯಾವ ಕ್ರಮದಲ್ಲಿ ಓಡಬೇಕು?

ಹಾರ್ಡ್ ಡಿಸ್ಕಿನ ಒಳಗೆ ಕಾಂತೀಯ ಲೇಪವಿರುವ ತಟ್ಟೆಗಳು ಒಂದೇ ಅಚ್ಚಿನ ಮೇಲೆ ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಪ್ರತಿ ತಟ್ಟೆಯ ಮೇಲೂ ಒಂದರೊಳಗೊಂದು ಸೇರಿದ ಸಾವಿರಾರು ವೃತ್ತಗಳಿದ್ದು, ಮಾಹಿತಿ ಈ ವೃತ್ತಗಳ ಉದ್ದಕ್ಕೂ ಬರೆದಿರುತ್ತದೆ. ಇವುಗಳಿಗೆ ಟ್ರ್ಯಾಕ್ ಎಂದು ಹೆಸರು. ಎಲ್ಲ ತಟ್ಟೆಗಳಲ್ಲೂ ಕೇಂದ್ರದಿಂದ ಒಂದೇ ದೂರದಲ್ಲಿರುವ ಟ್ರ್ಯಾಕ್‌ಗಳನ್ನು ಒಟ್ಟಾಗಿ ಸಿಲಿಂಡರ್ ಎನ್ನುತ್ತಾರೆ. ಓದುವ ಮತ್ತು ಬರೆಯುವ ಹೆಡ್‌ಗಳು ಒಂದೇ ತೋಳಿನ ತುದಿಗಳಲ್ಲಿ ಕೂತಿರುವುದರಿಂದ ಅವೆಲ್ಲ ಒಟ್ಟಿಗೇ ಚಲಿಸುತ್ತವೆ. ಆದ್ದರಿಂದ ತೋಳು ಒಂದು ಹೊತ್ತಿಗೆ ಒಂದೇ ಸಿಲಿಂಡರಿನಲ್ಲಿರಬಲ್ಲದು.

ಬೇಕಾದ ಮಾಹಿತಿ ಬೇರೆ ಸಿಲಿಂಡರಿನಲ್ಲಿದ್ದರೆ ತೋಳು ಅಲ್ಲಿಗೆ ಸರಿಯಬೇಕು. ಈ ಸರಿದಾಟವೇ ಸೀಕ್. ಸೀಕ್ ಮುಗಿದ ಮೇಲೆ ಬೇಕಾದ ಭಾಗ ತಿರುಗಿ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಬೇಕು, ಆಮೇಲೆ ಮಾಹಿತಿಯನ್ನು ಓದಬೇಕು. ಓದುವ ಕೆಲಸಕ್ಕೆ ಹಿಡಿಯುವ ಕಾಲ ತೀರ ಕಡಿಮೆ. ತಟ್ಟೆ ತಿರುಗುವ ವೇಗವನ್ನು ಆಪರೇಟಿಂಗ್ ಸಿಸ್ಟಮ್ ಬದಲಿಸಲಾರದು. ಆದರೆ ಒಂದೇ ಹೊತ್ತಿಗೆ ಹಲವು ಪ್ರೋಗ್ರಾಮ್‌ಗಳು ಡಿಸ್ಕನ್ನು ಕೇಳಿದಾಗ ಯಾವ ಕೋರಿಕೆಯನ್ನು ಮೊದಲು ಪೂರೈಸಬೇಕು ಎಂಬುದು ಅದರ ಕೈಯಲ್ಲೇ ಇದೆ. ಆ ಕ್ರಮವನ್ನು ಗೊತ್ತುಮಾಡುವ ಕೆಲಸಕ್ಕೆ ಡಿಸ್ಕ್ ಶೆಡ್ಯೂಲಿಂಗ್ ಎನ್ನುತ್ತಾರೆ. ಯಾವ ಕ್ರಮ ಒಳ್ಳೆಯದು ಎಂದು ತೂಗಿ ನೋಡಲು ಪಠ್ಯಪುಸ್ತಕಗಳು ಬಳಸುವ ಅಳತೆ ಒಟ್ಟು ಸೀಕ್ ದೂರ, ಅಂದರೆ ಎಲ್ಲ ಕೋರಿಕೆಗಳನ್ನು ಮುಗಿಸುವಷ್ಟರಲ್ಲಿ ತೋಳು ದಾಟಿದ ಸಿಲಿಂಡರುಗಳ ಸಂಖ್ಯೆ.

ಬಂದ ಸರದಿಯಲ್ಲೇ ಪೂರೈಸಿದರೆ

ಎಲ್ಲಕ್ಕಿಂತ ಸರಳವಾದ ಕ್ರಮವೆಂದರೆ ಮೊದಲು ಬಂದ ಕೋರಿಕೆಯನ್ನು ಮೊದಲು ಪೂರೈಸುವುದು. ಇದಕ್ಕೆ ಎಫ್‌ಸಿಎಫ್‌ಎಸ್ ಎಂಬ ಹೆಸರಿದೆ. ಇಲ್ಲಿ ಯಾರ ಸರದಿಯೂ ತಪ್ಪುವುದಿಲ್ಲ, ಲೆಕ್ಕಾಚಾರವೂ ಬೇಕಿಲ್ಲ. ಆದರೆ ತೋಳಿನ ಓಡಾಟದ ಬಗ್ಗೆ ಈ ಕ್ರಮ ಏನನ್ನೂ ಯೋಚಿಸುವುದಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಚಿಕ್ಕ ಡಿಸ್ಕಿನಲ್ಲಿ 0ಯಿಂದ 199ರವರೆಗೆ 200 ಸಿಲಿಂಡರುಗಳಿವೆ ಎಂದುಕೊಳ್ಳಬಹುದು. ತೋಳು ಈಗ 70ನೇ ಸಿಲಿಂಡರಿನಲ್ಲಿದೆ, ದೊಡ್ಡ ಸಂಖ್ಯೆಗಳ ಕಡೆಗೆ ಮುಖ ಮಾಡಿದೆ. ಸರದಿಯಲ್ಲಿ ಎಂಟು ಕೋರಿಕೆಗಳು ಈ ಕ್ರಮದಲ್ಲಿ ಬಂದು ನಿಂತಿವೆ:

```
120, 25, 160, 40, 185, 95, 10, 75
```

ಬಂದ ಸರದಿಯಲ್ಲೇ ಹೊರಟರೆ ತೋಳು 70ರಿಂದ 120ಕ್ಕೆ 50 ಸಿಲಿಂಡರು ಸರಿಯುತ್ತದೆ. ಅಲ್ಲಿಂದ 25ಕ್ಕೆ ಮರಳಲು 95, ಮತ್ತೆ 160ಕ್ಕೆ ಹೋಗಲು 135, ಅಲ್ಲಿಂದ 40ಕ್ಕೆ 120, 40ರಿಂದ 185ಕ್ಕೆ 145, ಅಲ್ಲಿಂದ 95ಕ್ಕೆ 90, 95ರಿಂದ 10ಕ್ಕೆ 85, ಕೊನೆಗೆ 75ಕ್ಕೆ 65. ಎಲ್ಲ ಕೂಡಿದರೆ:

```
50 + 95 + 135 + 120 + 145 + 90 + 85 + 65 = 785
```

ಡಿಸ್ಕಿನ ಈ ತುದಿಯಿಂದ ಆ ತುದಿಗೆ ಇರುವುದೇ 199 ಸಿಲಿಂಡರುಗಳ ದೂರ. ಎಂಟೇ ಕೋರಿಕೆಗಳಿಗೆ ತೋಳು ಅದರ ಸುಮಾರು ನಾಲ್ಕು ಪಟ್ಟು ಓಡಿತು. ತೋಳು ಹೊರಟಾಗ 75ನೇ ಸಿಲಿಂಡರ್ ಐದೇ ಹೆಜ್ಜೆ ದೂರದಲ್ಲಿತ್ತು. ಆದರೂ ಅದರ ಕೋರಿಕೆ ಕೊನೆಗೆ ಬಂದದ್ದರಿಂದ ಅದರ ಮೇಲೆಯೇ ತೋಳು ಆರು ಸಲ ಹಾದುಹೋದ ನಂತರ ಅದರ ಪಾಳಿ ಬಂತು. ಎಫ್‌ಸಿಎಫ್‌ಎಸ್‌ನ ದೋಷ ಇಲ್ಲೇ ಇದೆ. ಹಾದಿಯಲ್ಲೇ ಇರುವ ಕೆಲಸವನ್ನು ಬಿಟ್ಟು ಮುಂದೆ ಹೋಗಿ, ಅದಕ್ಕಾಗಿ ಮತ್ತೆ ಮರಳಿ ಬರುವುದು.

ಒಂದು ದಿಕ್ಕಿಗೆ ಹೊರಟರೆ ಆ ದಿಕ್ಕನ್ನು ಮುಗಿಸುವುದು

ಸ್ಕ್ಯಾನ್ ಎಂಬ ಕ್ರಮ ಈ ದೋಷವನ್ನು ನೇರವಾಗಿ ತೆಗೆದುಹಾಕುತ್ತದೆ. ತೋಳು ಒಂದು ದಿಕ್ಕಿಗೆ ಹೊರಟ ಮೇಲೆ ದಾರಿಯಲ್ಲಿ ಸಿಗುವ ಎಲ್ಲ ಕೋರಿಕೆಗಳನ್ನು ಪೂರೈಸುತ್ತಾ ಡಿಸ್ಕಿನ ಕೊನೆಯವರೆಗೂ ಹೋಗುತ್ತದೆ. ಅಲ್ಲಿ ದಿಕ್ಕು ಬದಲಿಸಿ, ಬರುವ ದಾರಿಯಲ್ಲಿ ಉಳಿದವನ್ನು ಮುಗಿಸುತ್ತದೆ. ಬಹುಮಹಡಿ ಕಟ್ಟಡದ ಲಿಫ್ಟ್ ಕೆಲಸ ಮಾಡುವುದೂ ಹೀಗೆಯೇ. ಹತ್ತನೇ ಮಹಡಿಗೆ ಹೊರಟ ಲಿಫ್ಟ್, ಮೂರನೆಯ ಮಹಡಿಯಲ್ಲಿ ಯಾರೋ ಕೆಳಗಿಳಿಯಲು ಗುಂಡಿ ಒತ್ತಿದರೆಂದು ಅರ್ಧಕ್ಕೇ ತಿರುಗುವುದಿಲ್ಲ. ಅದಕ್ಕಾಗಿಯೇ ಈ ಕ್ರಮಕ್ಕೆ ಎಲಿವೇಟರ್ ಅಲ್ಗಾರಿದಮ್ ಎಂಬ ಇನ್ನೊಂದು ಹೆಸರಿದೆ. ಇದು ಇಂದಿನ ವಿಚಾರವೇನಲ್ಲ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಪೀಟರ್ ಡೆನ್ನಿಂಗ್ 1967ರಷ್ಟು ಹಿಂದೆಯೇ ಇದನ್ನು ಬೇರೆ ಕ್ರಮಗಳ ಜೊತೆ ಹೋಲಿಸಿ ವಿಶ್ಲೇಷಿಸಿದ್ದರು.

ಅದೇ ಎಂಟು ಕೋರಿಕೆಗಳಿಗೆ ಸ್ಕ್ಯಾನ್ ಅನ್ವಯಿಸಿದರೆ ತೋಳು 70ರಿಂದ ಮೇಲೆ ಹೊರಟು 75, 95, 120, 160, 185ನ್ನು ಮುಗಿಸಿ 199ನ್ನು ಮುಟ್ಟುತ್ತದೆ. ಮರಳಿ ಬರುವಾಗ 40, 25, 10ನ್ನು ಪೂರೈಸುತ್ತದೆ. ಇಲ್ಲಿ ಪ್ರತಿ ಜಿಗಿತವನ್ನೂ ಕೂಡುವ ಅಗತ್ಯವಿಲ್ಲ. ತೋಳು ನಡುವೆ ಎಲ್ಲೂ ಹಿಂತಿರುಗದ ಕಾರಣ ಎರಡು ನೇರ ಓಟಗಳ ಉದ್ದವನ್ನು ಕೂಡಿದರೆ ಸಾಕು:

```
(199 − 70) + (199 − 10) = 129 + 189 = 318
```

785 ಇದ್ದದ್ದು 318ಕ್ಕೆ ಇಳಿಯಿತು. ಆದರೆ ಈ ಎರಡು ಸಂಖ್ಯೆಗಳ ಅಂತರಕ್ಕಿಂತ ಅವು ಬೆಳೆಯುವ ರೀತಿ ಹೆಚ್ಚು ಮುಖ್ಯವಾದದ್ದು. ಕೋರಿಕೆಗಳು ಡಿಸ್ಕಿನ ಎಲ್ಲೆಡೆ ಸಮನಾಗಿ, ಯಾವ ಕ್ರಮವೂ ಇಲ್ಲದೆ ಹರಡಿದ್ದರೆ ಒಂದರಿಂದ ಇನ್ನೊಂದಕ್ಕೆ ಇರುವ ಸರಾಸರಿ ದೂರ ಡಿಸ್ಕಿನ ಪೂರ್ತಿ ಅಗಲದ ಮೂರನೇ ಒಂದು ಭಾಗ. 200 ಸಿಲಿಂಡರುಗಳ ಡಿಸ್ಕಿನಲ್ಲಿ ಅದು ಸುಮಾರು 67. ಎಫ್‌ಸಿಎಫ್‌ಎಸ್‌ನಲ್ಲಿ ಕೋರಿಕೆ ಒಂದು ಹೆಚ್ಚಾದಂತೆಲ್ಲ ಒಟ್ಟು ದೂರಕ್ಕೆ ಸರಾಸರಿ 67 ಸೇರುತ್ತಾ ಹೋಗುತ್ತದೆ. ಆ ಲೆಕ್ಕದಲ್ಲಿ ಎಂಟು ಕೋರಿಕೆಗಳಿಗೆ ಸುಮಾರು 535 ಆಗಬೇಕು. ಮೇಲಿನ ಪಟ್ಟಿ ಅತ್ತಿಂದಿತ್ತ ಹಾರುವ ಪಟ್ಟಿಯಾದ್ದರಿಂದ ಸರಾಸರಿಗಿಂತ ಕೆಟ್ಟ ಫಲ ಬಂದಿದೆ. ನೂರು ಕೋರಿಕೆಗಳಿದ್ದರೆ ದೂರ 6,700ರ ಆಸುಪಾಸಿಗೆ ಹೋಗುತ್ತದೆ.

ಸ್ಕ್ಯಾನ್‌ನಲ್ಲಿ ಹೀಗಾಗುವುದಿಲ್ಲ. 70ರಿಂದ ಮೇಲಕ್ಕೆ ಹೊರಟ ತೋಳು 199ನ್ನು ಮುಟ್ಟಿ 0ಗೆ ಬಂದರೆ ಡಿಸ್ಕಿನ ಮೂಲೆಮೂಲೆಯನ್ನೂ ಹಾದುಹೋದಂತಾಯಿತು. ಆ ದೂರ 129 ಮತ್ತು 199 ಸೇರಿ 328. ಸರದಿಯಲ್ಲಿ ಎಂಟು ಕೋರಿಕೆ ಇರಲಿ, ನೂರು ಇರಲಿ, ಸಾವಿರ ಇರಲಿ, ಒಟ್ಟು ದೂರ 328ನ್ನು ಮೀರುವುದಿಲ್ಲ. ಕೋರಿಕೆಗಳು ಹೆಚ್ಚಿದಷ್ಟೂ ಒಂದೊಂದರ ಪಾಲಿಗೆ ಬರುವ ದೂರ ಕಡಿಮೆಯಾಗುತ್ತದೆ. ಸರದಿ ಖಾಲಿ ಇದ್ದು ಒಂದೇ ಕೋರಿಕೆ ನಿಂತಿದ್ದರೆ ಯಾವ ಕ್ರಮವೂ ಎಫ್‌ಸಿಎಫ್‌ಎಸ್‌ಗಿಂತ ಮೇಲಾಗದು. ಸರದಿ ಉದ್ದವಾದಾಗಲೇ ಸ್ಕ್ಯಾನ್‌ನ ಲಾಭ ಕಾಣುತ್ತದೆ.

ಲೆಕ್ಕ ಮಾಡುವಾಗ ಎರಡು ಕಡೆ ತಪ್ಪುವುದು ಸಾಮಾನ್ಯ. ಮೊದಲನೆಯದು ದಿಕ್ಕು. ಇದೇ ತೋಳು 70ರಿಂದ ಕೆಳಕ್ಕೆ ಹೊರಟಿದ್ದರೆ 0ಗೆ 70, ಅಲ್ಲಿಂದ 185ಕ್ಕೆ 185, ಒಟ್ಟು 255 ಆಗುತ್ತಿತ್ತು. ಆದ್ದರಿಂದ ದಿಕ್ಕನ್ನು ಹೇಳದೆ ಸ್ಕ್ಯಾನ್‌ನ ದೂರವನ್ನು ಹೇಳಲು ಬರುವುದಿಲ್ಲ. ಎರಡನೆಯದು ತುದಿ. ಮೇಲಿನ ಕೊನೆಯ ಕೋರಿಕೆ 185ರಲ್ಲಿದ್ದರೂ ಸ್ಕ್ಯಾನ್‌ನ ನಿಯಮದಂತೆ ತೋಳು 199ರವರೆಗೂ ಹೋಗಬೇಕು. 185ರಲ್ಲೇ ತಿರುಗಿಬಿಟ್ಟರೆ ಆ ಕ್ರಮದ ಹೆಸರು ಲುಕ್. ಅದರ ಒಟ್ಟು ದೂರ 115 ಮತ್ತು 175 ಸೇರಿ 290. ಸ್ಕ್ಯಾನ್ ಎಂದು ಹೇಳಿ 290 ಎಂಬ ಉತ್ತರ ಬಂದಿದ್ದರೆ ಲೆಕ್ಕ ಮಾಡಿದವರು ಲುಕ್ ಅನ್ನು ಬಳಸಿದ್ದಾರೆ ಎಂದು ತಿಳಿಯಬೇಕು.

ಹೆಚ್ಚು ಓಡುವ ಸಿ-ಸ್ಕ್ಯಾನ್ ಏಕೆ ಬೇಕಾಯಿತು

ಸಿ-ಸ್ಕ್ಯಾನ್ ಎಂದರೆ ವರ್ತುಲಾಕಾರದ ಸ್ಕ್ಯಾನ್. ಇದರಲ್ಲಿ ತೋಳು ಕೆಲಸ ಮಾಡುವುದು ಒಂದೇ ದಿಕ್ಕಿನಲ್ಲಿ. ಕೊನೆ ತಲುಪಿದ ಮೇಲೆ ದಾರಿಯಲ್ಲಿ ಯಾವ ಕೋರಿಕೆಗೂ ನಿಲ್ಲದೆ ನೇರವಾಗಿ 0ಗೆ ಮರಳಿ, ಮತ್ತೆ ಅದೇ ದಿಕ್ಕಿನಲ್ಲಿ ಹೊರಡುತ್ತದೆ. ಉದಾಹರಣೆಯ ತೋಳು 199ಕ್ಕೆ 129 ಸಿಲಿಂಡರು ಹೋಗಿ, 0ಗೆ 199 ಮರಳಿ, 10, 25, 40ನ್ನು ಪೂರೈಸಲು ಇನ್ನೂ 40 ಸರಿಯುತ್ತದೆ:

```
129 + 199 + 40 = 368
```

ಕೆಲವು ಕಡೆ ಮರಳುವ ಓಟವನ್ನು ಎಣಿಸದೆ 169 ಎಂದು ಬರೆಯುವುದುಂಟು. ತೋಳು ನಿಜವಾಗಿಯೂ ಆ ದೂರವನ್ನು ದಾಟುವುದರಿಂದ ಒಟ್ಟು ಸೀಕ್ ದೂರದಲ್ಲಿ ಅದನ್ನು ಸೇರಿಸುವುದೇ ಸರಿ. ಕೊನೆಯ ಕೋರಿಕೆಯಲ್ಲೇ ತಿರುಗಿ ನೇರ ಅತಿ ಚಿಕ್ಕ ಸಂಖ್ಯೆಯ ಕೋರಿಕೆಗೆ ಹೋಗುವ ಸಿ-ಲುಕ್ ಎಂಬ ರೂಪದಲ್ಲಿ ದೂರ 115, 175, 30 ಸೇರಿ 320 ಆಗುತ್ತದೆ.

| ಕ್ರಮ | ಒಟ್ಟು ಸೀಕ್ ದೂರ |
|---|---|
| ಎಫ್‌ಸಿಎಫ್‌ಎಸ್ | 785 |
| ಸಿ-ಸ್ಕ್ಯಾನ್ | 368 |
| ಸಿ-ಲುಕ್ | 320 |
| ಸ್ಕ್ಯಾನ್ | 318 |
| ಲುಕ್ | 290 |

ದೂರವನ್ನಷ್ಟೇ ನೋಡಿದರೆ ಸಿ-ಸ್ಕ್ಯಾನ್ ಸ್ಕ್ಯಾನ್‌ಗಿಂತ ಹಿಂದೆ ಬಿದ್ದಿದೆ. ಅದನ್ನು ರೂಪಿಸಿದ ಕಾರಣ ದೂರವಲ್ಲ, ಕಾಯುವ ಹೊತ್ತಿನ ಸಮಾನತೆ. ಸ್ಕ್ಯಾನ್‌ನ ತೋಳು ಅತ್ತಿತ್ತ ತೂಗುವಾಗ ಡಿಸ್ಕಿನ ನಡುವಿನ ಸಿಲಿಂಡರುಗಳನ್ನು ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಹಾಯುತ್ತದೆ. ತುದಿಯ ಸಿಲಿಂಡರುಗಳ ಪಾಡು ಬೇರೆ. 199ನೇ ಸಿಲಿಂಡರನ್ನು ತೋಳು ಬಿಟ್ಟ ಮರುಕ್ಷಣದಲ್ಲಿ ಅಲ್ಲಿಗೊಂದು ಕೋರಿಕೆ ಬಂದರೆ, ತೋಳು 0ಗೆ ಹೋಗಿ ಪೂರ್ತಿ ಮರಳುವವರೆಗೆ ಅದು ಕಾಯಬೇಕು. ನಡುವಿನ ಕೋರಿಕೆ ಅತಿ ಹೆಚ್ಚೆಂದರೆ ಒಂದು ಓಟದಷ್ಟು ಕಾದರೆ ತುದಿಯದು ಎರಡು ಓಟಗಳಷ್ಟು ಕಾಯುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ತೋಳು 199ರಲ್ಲಿ ತಿರುಗಿದಾಗ ಅದರ ಹತ್ತಿರದ ಸಿಲಿಂಡರುಗಳೆಲ್ಲ ಈಗಷ್ಟೇ ಸೇವೆ ಪಡೆದಿರುತ್ತವೆ, ಅಲ್ಲಿ ಹೊಸ ಕೋರಿಕೆಗಳು ವಿರಳ. ಹೆಚ್ಚು ಹೊತ್ತಿನಿಂದ ಕಾಯುತ್ತಿರುವ ಕೋರಿಕೆಗಳು 0ಯ ಕಡೆ ಗುಂಪುಗೂಡಿರುತ್ತವೆ. ಹಾಗಿದ್ದ ಮೇಲೆ ನೇರ ಅಲ್ಲಿಗೇ ಹೋಗಿ ಅಲ್ಲಿಂದ ಆರಂಭಿಸುವುದು ನ್ಯಾಯ ಎಂಬುದು ಸಿ-ಸ್ಕ್ಯಾನ್‌ನ ತರ್ಕ.

ದೂರ ಬೇರೆ, ಕಾಲ ಬೇರೆ

ಈ ತರ್ಕ ಒಂದು ಷರತ್ತಿನ ಮೇಲೆ ನಿಂತಿದೆ. ಮರಳುವ ದೀರ್ಘ ಓಟ ಅಗ್ಗವಾಗಿರಬೇಕು. 199 ಸಿಲಿಂಡರು ದಾಟಲು ಒಂದು ಸಿಲಿಂಡರು ದಾಟುವುದರ 199 ಪಟ್ಟು ಕಾಲ ಬೇಕಾಗಿದ್ದರೆ ಸಿ-ಸ್ಕ್ಯಾನ್‌ನಲ್ಲಿ ಎಲ್ಲ ಸಿಲಿಂಡರುಗಳೂ ತುದಿಯ ಸಿಲಿಂಡರಿನಷ್ಟೇ ಹೊತ್ತು ಕಾಯಬೇಕಾಗುತ್ತಿತ್ತು, ಯಾರಿಗೂ ಲಾಭವಿರುತ್ತಿರಲಿಲ್ಲ. ನಿಜವಾದ ಡಿಸ್ಕುಗಳು ಹಾಗೆ ವರ್ತಿಸುವುದಿಲ್ಲ. ತೋಳು ಮೊದಲು ವೇಗ ಪಡೆಯಬೇಕು, ಕೊನೆಯಲ್ಲಿ ವೇಗ ಇಳಿಸಬೇಕು, ನಿಂತ ಮೇಲೆ ಕಂಪನ ತಗ್ಗಿ ಟ್ರ್ಯಾಕಿನ ಮೇಲೆ ನೆಲೆಗೊಳ್ಳಬೇಕು. ಚಿಕ್ಕ ಜಿಗಿತದ ಬಹುಪಾಲು ಕಾಲ ಇದಕ್ಕೇ ಹೋಗುತ್ತದೆ.

ಎಚ್‌ಪಿ 97560 ಎಂಬ ಡಿಸ್ಕಿನ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಕ್ರಿಸ್ ರೂಮ್ಲರ್ ಮತ್ತು ಜಾನ್ ವಿಲ್ಕ್ಸ್ 1994ರಲ್ಲಿ ಪ್ರಕಟಿಸಿದ ಲೇಖನದಿಂದಾಗಿ ಅದು ಸಂಶೋಧಕರ ನಡುವೆ ಮಾದರಿ ಡಿಸ್ಕಾಯಿತು. ಅದರಲ್ಲಿ 1962 ಸಿಲಿಂಡರುಗಳಿದ್ದವು. d ಸಿಲಿಂಡರು ದಾಟಲು ಬೇಕಾದ ಕಾಲವನ್ನು ಅವರು ಮಿಲಿಸೆಕೆಂಡುಗಳಲ್ಲಿ ಹೀಗೆ ಕೊಟ್ಟರು:

```
d < 383 : 3.24 + 0.400 × √d
d ≥ 383 : 8.00 + 0.008 × d
```

ಈ ಸೂತ್ರದಂತೆ ಒಂದೇ ಒಂದು ಸಿಲಿಂಡರು ಸರಿಯಲು 3.64 ಮಿಲಿಸೆಕೆಂಡು ಬೇಕು, ತುದಿಯಿಂದ ತುದಿಗೆ 1961 ಸಿಲಿಂಡರು ದಾಟಲು ಸುಮಾರು 23.7. ದೂರ ಸುಮಾರು ಎರಡು ಸಾವಿರ ಪಟ್ಟು ಹೆಚ್ಚಾದರೂ ಕಾಲ ಏಳು ಪಟ್ಟೂ ಆಗುವುದಿಲ್ಲ.

ಈ ಡಿಸ್ಕಿನ ಒಂದು ಪೂರ್ತಿ ಓಟದಲ್ಲಿ ಸಮ ಅಂತರದ 20 ಕೋರಿಕೆಗಳಿಗೆ ತೋಳು ನಿಲ್ಲುತ್ತದೆ ಎಂದುಕೊಂಡರೆ ಪ್ರತಿ ಜಿಗಿತ ಸುಮಾರು 98 ಸಿಲಿಂಡರು, ಅದಕ್ಕೆ 7.2 ಮಿಲಿಸೆಕೆಂಡು. ತಟ್ಟೆ ನಿಮಿಷಕ್ಕೆ 4002 ಸುತ್ತು ತಿರುಗುವುದರಿಂದ ಬೇಕಾದ ಭಾಗ ಹೆಡ್ಡಿನ ಕೆಳಗೆ ಬರಲು ಸರಾಸರಿ 7.5 ಮಿಲಿಸೆಕೆಂಡು. ಹಾಗಾಗಿ ಓಟಕ್ಕೆ ಸುಮಾರು 294 ಮಿಲಿಸೆಕೆಂಡು ಹಿಡಿಯುತ್ತದೆ. ಸ್ಕ್ಯಾನ್‌ನಲ್ಲಿ ತುದಿಯ ಕೋರಿಕೆ ಇಂಥ ಎರಡು ಓಟ ಕಾಯಬೇಕಾಗಬಹುದು, ಅಂದರೆ 588. ಸಿ-ಸ್ಕ್ಯಾನ್‌ನಲ್ಲಿ ಮರಳುವ ಓಟ ಎಲ್ಲೂ ನಿಲ್ಲದೆ 24 ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ ಯಾವ ಸಿಲಿಂಡರಿನ ಕೋರಿಕೆಯೂ ಸುಮಾರು 318ಕ್ಕಿಂತ ಹೆಚ್ಚು ಕಾಯುವುದಿಲ್ಲ. ನಡುವಿನ ಕೋರಿಕೆಗಳು ಸ್ವಲ್ಪ ಹೆಚ್ಚು ಕಾದು, ತುದಿಯ ಕೋರಿಕೆಗಳ ಕಾಯುವಿಕೆ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಒಟ್ಟು ಸೀಕ್ ದೂರದ ಅಂಕಿಯೊಂದನ್ನೇ ಹಿಡಿದು ಕೂತರೆ ಈ ಲಾಭ ಕಾಣುವುದೇ ಇಲ್ಲ.

ಎಂಟು ಕೋರಿಕೆಗಳ ಹಿಂದಿನ ಉದಾಹರಣೆಯನ್ನೂ ಇದೇ ಸೂತ್ರಕ್ಕೆ ಹಾಕಿ ನೋಡಬಹುದು. ಎಫ್‌ಸಿಎಫ್‌ಎಸ್‌ಗೆ ಸೀಕ್ ಕಾಲ ಸುಮಾರು 57 ಮಿಲಿಸೆಕೆಂಡು, ಸ್ಕ್ಯಾನ್‌ಗೆ 48. ದೂರದಲ್ಲಿ ಶೇ. 60ರಷ್ಟು ಉಳಿತಾಯ ಕಂಡದ್ದು ಕಾಲದಲ್ಲಿ ಶೇ. 16ಕ್ಕೆ ಕುಗ್ಗುತ್ತದೆ. ಲುಕ್‌ಗೆ ಸುಮಾರು 43 ಮಿಲಿಸೆಕೆಂಡು, ಸಿ-ಲುಕ್‌ಗೆ 43.5. ದೂರದಲ್ಲಿ 30 ಸಿಲಿಂಡರುಗಳಷ್ಟಿದ್ದ ಅಂತರ ಕಾಲದಲ್ಲಿ ಹೆಚ್ಚುಕಡಿಮೆ ಅಳಿದೇಹೋಗುತ್ತದೆ. ಡಿಸ್ಕಿನ ತುದಿಯವರೆಗೆ ಸುಮ್ಮನೆ ಹೋಗಿಬರುವ ಸ್ಕ್ಯಾನ್ ಮತ್ತು ಸಿ-ಸ್ಕ್ಯಾನ್‌ಗಳ ಬದಲು ಬಳಕೆಯಲ್ಲಿ ಲುಕ್ ರೂಪಗಳೇ ನಿಂತದ್ದು ಇದೇ ಕಾರಣಕ್ಕೆ. ಕೆಲಸವಿಲ್ಲದ ತುದಿಯಲ್ಲಿ ತೋಳನ್ನು ನಿಲ್ಲಿಸಿದರೆ ವೇಗ ಇಳಿಸಿ ಮತ್ತೆ ಏರಿಸುವ ವೆಚ್ಚ ವ್ಯರ್ಥವಾಗುತ್ತದೆ.

ಮಿತಿಗಳು

ಸ್ಕ್ಯಾನ್‌ಗೂ ಸಿ-ಸ್ಕ್ಯಾನ್‌ಗೂ ಒಂದು ಸಾಮಾನ್ಯ ದೌರ್ಬಲ್ಯವಿದೆ. ತೋಳು ನಿಂತ ಸಿಲಿಂಡರಿಗೇ ಒಂದರ ಹಿಂದೊಂದು ಹೊಸ ಕೋರಿಕೆಗಳು ಬರುತ್ತಲೇ ಇದ್ದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ಮುಂದಿನವರ ಪಾಳಿ ಬರುವುದಿಲ್ಲ. ಒಂದು ದೊಡ್ಡ ಫೈಲನ್ನು ಪ್ರೋಗ್ರಾಮೊಂದು ಎಡೆಬಿಡದೆ ಬರೆಯುತ್ತಿರುವಾಗ ಬೇರೊಂದು ಪ್ರೋಗ್ರಾಮಿನ ಚಿಕ್ಕ ಓದು ಬಹಳ ಹೊತ್ತು ತಡವಾದರೆ ಈ ತೊಂದರೆಯನ್ನು ಶಂಕಿಸಬಹುದು. ಎಫ್-ಸ್ಕ್ಯಾನ್ ಎಂಬ ರೂಪ ಇದಕ್ಕೆ ಎರಡು ಸರದಿಗಳನ್ನು ಇಡುತ್ತದೆ. ಓಟ ಆರಂಭವಾಗುವ ಮುಂಚೆ ಬಂದವು ಒಂದರಲ್ಲಿ, ಓಟದ ನಡುವೆ ಬಂದವು ಇನ್ನೊಂದರಲ್ಲಿ. ಎರಡನೆಯ ಸರದಿಗೆ ಮುಂದಿನ ಓಟದಲ್ಲೇ ಸೇವೆ.

ಲಿನಕ್ಸ್‌ನಲ್ಲಿ ಇದಕ್ಕೆ ಬೇರೆ ಪರಿಹಾರವಿದೆ. ಅದರ mq-deadline ಎಂಬ ಶೆಡ್ಯೂಲರ್ ಕೋರಿಕೆಗಳನ್ನು ಡಿಸ್ಕಿನ ವಿಳಾಸಗಳ ಏರಿಕೆಯ ಕ್ರಮದಲ್ಲಿ ಜೋಡಿಸಿ, ಸಿ-ಲುಕ್‌ನಂತೆ ಒಂದೇ ದಿಕ್ಕಿನಲ್ಲಿ ಪೂರೈಸುತ್ತದೆ. ಜೊತೆಗೆ ಪ್ರತಿ ಕೋರಿಕೆಗೂ ಒಂದು ಗಡುವು ಹಾಕುತ್ತದೆ. ಮೊದಲಿನಿಂದ ಇಟ್ಟಿರುವ ಮೌಲ್ಯಗಳಂತೆ ಓದಿಗೆ 500 ಮಿಲಿಸೆಕೆಂಡು, ಬರಹಕ್ಕೆ 5 ಸೆಕೆಂಡು. ಗಡುವು ಮೀರಿದ ಕೋರಿಕೆ ಸಿಕ್ಕಿದರೆ ಸಾಲಿನ ಕ್ರಮ ಬಿಟ್ಟು ಅದರತ್ತ ಹೋಗುತ್ತದೆ. ಓಟದ ಮಿತವ್ಯಯವನ್ನು ಸಿ-ಲುಕ್‌ನಿಂದಲೂ ಸರದಿಯ ನ್ಯಾಯವನ್ನು ಎಫ್‌ಸಿಎಫ್‌ಎಸ್‌ನಿಂದಲೂ ಪಡೆದ ಬೆರಕೆ ಇದು. ಒಂದು ಯಂತ್ರದಲ್ಲಿ ಯಾವ ಶೆಡ್ಯೂಲರ್ ಕೆಲಸ ಮಾಡುತ್ತಿದೆ ಎಂದು ಹೀಗೆ ನೋಡಬಹುದು:

```
cat /sys/block/sda/queue/scheduler
```

ತೆರೆಯ ಮೇಲೆ ಬರುವ ಹೆಸರುಗಳಲ್ಲಿ ಚೌಕ ಆವರಣದೊಳಗಿನದು ಬಳಕೆಯಲ್ಲಿರುವುದು.

ಇಂದಿನ ಹಾರ್ಡ್ ಡಿಸ್ಕುಗಳು ತಮ್ಮ ಸಿಲಿಂಡರುಗಳ ನಿಜವಾದ ಜೋಡಣೆಯನ್ನು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವುದಿಲ್ಲ. ಅದಕ್ಕೆ ಕಾಣುವುದು 0ಯಿಂದ ಮೇಲಕ್ಕೆ ಸಾಗುವ ಬ್ಲಾಕ್ ಸಂಖ್ಯೆಗಳು ಮಾತ್ರ. ಹತ್ತಿರದ ಸಂಖ್ಯೆಗಳು ಸಾಮಾನ್ಯವಾಗಿ ಡಿಸ್ಕಿನ ಮೇಲೂ ಹತ್ತಿರದಲ್ಲೇ ಇರುವುದರಿಂದ ಏರಿಕೆಯ ಕ್ರಮದ ಲಾಭ ಉಳಿದಿದೆ, ಆದರೆ ನಿಖರವಾದ ಸೀಕ್ ದೂರವನ್ನು ಹೊರಗಿನಿಂದ ಲೆಕ್ಕ ಮಾಡಲಾಗದು. ಕೊನೆಯ ಹಂತದ ಜೋಡಣೆಯನ್ನು ಡಿಸ್ಕೇ ಮಾಡಿಕೊಳ್ಳುತ್ತದೆ. ಸಾಟಾ ಡಿಸ್ಕುಗಳಲ್ಲಿರುವ ಎನ್‌ಸಿಕ್ಯೂ ವ್ಯವಸ್ಥೆ ಒಮ್ಮೆಗೆ 32 ಕೋರಿಕೆಗಳವರೆಗೆ ಹಿಡಿದಿಟ್ಟುಕೊಂಡು, ತೋಳಿನ ದೂರದ ಜೊತೆಗೆ ತಟ್ಟೆಯ ತಿರುಗುವಿಕೆಯನ್ನೂ ಪರಿಗಣಿಸಿ ಕ್ರಮ ಗೊತ್ತುಮಾಡಬಲ್ಲದು.

ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತೋಳೂ ಇಲ್ಲ. 10ನೇ ಬ್ಲಾಕಿನಿಂದ 75ಕ್ಕೆ ಹೋಗುವುದಕ್ಕೂ 185ಕ್ಕೆ ಹೋಗುವುದಕ್ಕೂ ಅಲ್ಲಿ ವ್ಯತ್ಯಾಸವಿಲ್ಲದ ಕಾರಣ ಸೀಕ್ ದೂರ ಎಂಬ ಅಳತೆಗೆ ಅರ್ಥವಿಲ್ಲ. ವೇಗದ ಎಸ್‌ಎಸ್‌ಡಿಗಳಿಗೆ ಲಿನಕ್ಸ್‌ನಲ್ಲಿ ಅನೇಕ ವೇಳೆ none ಎಂಬ ಆಯ್ಕೆ ಇರುತ್ತದೆ, ಕೋರಿಕೆಗಳನ್ನು ಮರುಜೋಡಿಸದೆ ಮುಂದಕ್ಕೆ ಕಳಿಸಲಾಗುತ್ತದೆ. ಸ್ಕ್ಯಾನ್, ಸಿ-ಸ್ಕ್ಯಾನ್‌ಗಳ ಲೆಕ್ಕ ಅನ್ವಯಿಸುವುದು ತೋಳಿರುವ ಡಿಸ್ಕುಗಳಿಗೆ, ಅದೂ ಅವುಗಳ ಮುಂದೆ ಸರದಿ ಉದ್ದವಾಗಿ ನಿಂತಾಗ.